ಮೆಟ್ರಾಯ್ಡ್‌ವೇನಿಯಾ ಅಂದ್ರೆ ಏನು? ಮ್ಯಾಪ್ ಪೂರ್ತಿ ತೆರೆದಿದ್ರೂ ನಾವ್ಯಾಕೆ ಡಿಸೈನರ್ ಅಂದ್ಕೊಂಡ ದಾರೀಲೇ ಹೋಗ್ತೀವಿ

2025ರ ಸೆಪ್ಟೆಂಬರ್ 4ಕ್ಕೆ ಹಾಲೋ ನೈಟ್: ಸಿಲ್ಕ್‌ಸಾಂಗ್ ಅನ್ನೋ ಮೆಟ್ರಾಯ್ಡ್‌ವೇನಿಯಾ ಗೇಮ್ ರಿಲೀಸ್ ಆದ ತಕ್ಷಣ ಜನ ಮುಗಿಬಿದ್ದ ಹೊಡೆತಕ್ಕೆ ಸ್ಟೀಮ್‌ನಂಥ ದೊಡ್ಡ ಸ್ಟೋರ್ ಕೂಡ ಸ್ವಲ್ಪ ಹೊತ್ತು ಮಲಗಿಬಿಡ್ತು. ಆವಾಗಿಂದ ಈ ಥರದ ಗೇಮ್ ಯಾವತ್ತೂ ಆಡದೇ ಇದ್ದವರೂ ಅದನ್ನ ತಗೊಂಡು ಕೂತಿದ್ದಾರೆ, ಎರಡು ಗಂಟೆ ಆಡಿದ್ಮೇಲೆ ಎಲ್ಲರದ್ದೂ ಒಂದೇ ಗೋಳು: "ಎಲ್ಲಿಗೆ ಹೋಗ್ಬೇಕು ಅಂತ ಯಾರೂ ಹೇಳ್ತಾನೇ ಇಲ್ವಲ್ಲ ಗುರು, ಹೋದ ಕಡೆಯೆಲ್ಲಾ ದಾರಿ ಬಂದ್." ಆ ದಾರಿ ಬಂದ್ ಆಗಿರೋದು ಬೇಕಂತಲೇ ಮಾಡಿರೋದು, ಈ ಜಾತಿಯ ಗೇಮ್ ನಿಂತಿರೋದೇ ಅದರ ಮೇಲೆ. ಅದು ಹೇಗೆ ಕೆಲಸ ಮಾಡುತ್ತೆ ಅಂತ ಬುಡದಿಂದ ನೋಡೋಣ.

## ಮೊದಲು ಹೆಸರಿನ ಕಥೆ ಮುಗಿಸೋಣ

ಮೆಟ್ರಾಯ್ಡ್ ಅನ್ನೋದು ನಿಂಟೆಂಡೊ 1986ರಲ್ಲಿ ತಂದ ಗೇಮ್. ಕ್ಯಾಸಲ್‌ವೇನಿಯಾ ಅನ್ನೋದು ಕೊನಾಮಿಯವರ ಸೀರೀಸ್, ಅದರಲ್ಲಿ 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂದ ಸಿಂಫನಿ ಆಫ್ ದ ನೈಟ್ ಅನ್ನೋ ಭಾಗ ಮೆಟ್ರಾಯ್ಡ್ ಥರದ್ದೇ ಒಂದು ದೊಡ್ಡ ಮ್ಯಾಪ್ ಇಟ್ಕೊಂಡು ಬಂತು. ಎರಡೂ ಹೆಸರು ಸೇರಿಸಿ ಜನ ಮೆಟ್ರಾಯ್ಡ್‌ವೇನಿಯಾ ಅಂತ ಕರೆಯೋಕೆ ಶುರು ಮಾಡಿದ್ರು, ಅಷ್ಟೇ ವಿಷಯ.

ಹೆಸರಿಗಿಂತ ರೂಪ ಮುಖ್ಯ. ಮಾರಿಯೋ ಥರದ ಗೇಮ್‌ನಲ್ಲಿ ಲೆವೆಲ್ 1 ಮುಗಿಸಿದ್ರೆ ಲೆವೆಲ್ 2, ಹಿಂದಕ್ಕೆ ಬರೋ ಪ್ರಶ್ನೆಯೇ ಇಲ್ಲ, 1985ರ ಮಾರಿಯೋದಲ್ಲಂತೂ ಸ್ಕ್ರೀನ್ ಎಡಕ್ಕೆ ಸರಿಯೋದೇ ಇಲ್ಲ. ಮೆಟ್ರಾಯ್ಡ್‌ವೇನಿಯಾದಲ್ಲಿ ಲೆವೆಲ್ ಅಂತಲೇ ಇರಲ್ಲ, ಇರೋದು ಒಂದೇ ಒಂದು ಜೋಡಿಸಿಟ್ಟ ಜಗತ್ತು, ನೂರಾರು ರೂಮು, ಒಂದರಿಂದ ಇನ್ನೊಂದಕ್ಕೆ ಬಾಗಿಲು, ಲಿಫ್ಟು, ಸುರಂಗ, ಮತ್ತೆ ನೀವು ಅದೇ ರೂಮಿಗೆ ಹತ್ತು ಸಲ ಬರ್ತೀರ. ಆದ್ರೆ ಶುರುವಲ್ಲಿ ನಿಮ್ಮ ಕ್ಯಾರೆಕ್ಟರ್‌ಗೆ ಸರಿಯಾಗಿ ಹಾರೋಕೂ ಬರಲ್ಲ, ಆಡ್ತಾ ಆಡ್ತಾ ಒಂದೊಂದೇ ಶಕ್ತಿ ಸಿಗುತ್ತೆ, ಶಕ್ತಿ ಸಿಕ್ಕಂಗೆ ಜಗತ್ತು ತೆರ್ಕೊಳ್ಳುತ್ತೆ.

## ಅಬಿಲಿಟಿ ಗೇಟಿಂಗ್: ಕೀಲಿಯಲ್ಲ, ಕಲಿತ ವಿದ್ಯೆ

ಗೇಟ್ ಅಂದ್ರೆ ನಿಮ್ಮನ್ನ ಮುಂದೆ ಹೋಗದಂಗೆ ತಡೆಯೋ ಯಾವುದೇ ಅಡ್ಡಿ. ಎತ್ತರದ ಕಟ್ಟೆ ಇರಬಹುದು, ಕಿರಿದಾದ ಬಿಲ ಇರಬಹುದು, ಬಿಸಿ ರೂಮು, ನೀರು, ಬಣ್ಣದ ಬಾಗಿಲು, ಏನಾದ್ರೂ. ಅಬಿಲಿಟಿ ಅಂದ್ರೆ ಆ ಅಡ್ಡಿ ದಾಟೋ ಶಕ್ತಿ. ಯಾವ ಅಡ್ಡಿಗೆ ಯಾವ ಶಕ್ತಿ ಬೇಕು, ಆ ಶಕ್ತಿ ಮ್ಯಾಪ್‌ನಲ್ಲಿ ಎಲ್ಲಿ ಸಿಗುತ್ತೆ, ಈ ಎರಡನ್ನ ಡಿಸೈನರ್ ತೀರ್ಮಾನ ಮಾಡಿದ್ರೆ ಸಾಕು, ನೀವು ಯಾವ ಏರಿಯಾ ಮೊದಲು ನೋಡ್ತೀರ, ಯಾವುದು ಆಮೇಲೆ ಅನ್ನೋದು ತಾನಾಗೇ ತೀರ್ಮಾನ ಆಗಿಹೋಗುತ್ತೆ. ಒಂದು ಬಾಣದ ಗುರುತು ಬೇಕಿಲ್ಲ, "ಈಗ ಇಲ್ಲಿಗೆ ಹೋಗು" ಅನ್ನೋ ಮೆಸೇಜೂ ಬೇಕಿಲ್ಲ.

ಹಂಗಾದ್ರೆ ಸುಮ್ನೆ ಬೀಗ ಹಾಕಿ ಕೀಲಿ ಬೇರೆ ಕಡೆ ಬಚ್ಚಿಟ್ರೆ ಆಗಲ್ವಾ ಅಂತ ಕೇಳಬಹುದು. ಆಗುತ್ತೆ, ಆದ್ರೆ ಮಜಾ ಇರಲ್ಲ. ಕೊಟ್ಟಿಗೆ ಬಾಗಿಲಿನ ಕೀಲಿ ಸಿಕ್ಕರೆ ಆ ಕೊಟ್ಟಿಗೆ ಒಂದೇ ತೆಗೆಯುತ್ತೆ, ಈಜು ಕಲಿತ್ರೆ ಸುತ್ತಮುತ್ತ ಇರೋ ಹೊಳೆ, ಕೆರೆ, ಬಾವಿ ಎಲ್ಲಾ ನಿಮ್ಮದೇ, ನಿನ್ನೆವರೆಗೂ ಅಡ್ಡ ಅನ್ನಿಸ್ತಿದ್ದ ಹೊಳೆ ಇವತ್ತು ದಾರಿ ಅನ್ಸುತ್ತೆ. ಮೆಟ್ರಾಯ್ಡ್‌ವೇನಿಯಾದ ಅಬಿಲಿಟಿ ಎರಡನೇ ಥರದ್ದು. ಸಿಂಫನಿ ಆಫ್ ದ ನೈಟ್‌ನಲ್ಲಿ ಹೀರೋ ಅಲುಕಾರ್ಡ್‌ಗೆ ಮಂಜಾಗಿ ಕರಗೋ ಶಕ್ತಿ ಸಿಕ್ಕಿದ್ಮೇಲೆ ಕೋಟೆಯಲ್ಲಿ ಎಲ್ಲೆಲ್ಲಿ ಕಬ್ಬಿಣದ ಜಾಲರಿ ನೋಡಿದ್ರೋ ಅಲ್ಲೆಲ್ಲಾ ತೂರಬಹುದು, ಬಾವಲಿ ಆಗೋಕೆ ಬಂದ್ರೆ ಎತ್ತರ ಅನ್ನೋ ತೊಂದರೆಯೇ ಹೋಗುತ್ತೆ. ಸಿಲ್ಕ್‌ಸಾಂಗ್‌ನಲ್ಲಿ ಗೋಡೆ ಹಿಡ್ಕೊಂಡು ಹತ್ತೋ ಕ್ಲಿಂಗ್ ಗ್ರಿಪ್ ಸಿಕ್ಕಿದ ಕ್ಷಣ ಅಲ್ಲಿವರೆಗೂ ನೋಡಿ ಬಿಟ್ಟುಬಂದಿದ್ದ ಎಲ್ಲಾ ನೇರ ಗೋಡೆಗಳೂ ಏಣಿ ಆಗ್ತವಲ್ಲ, ಅದೇ ಇದು.

## ಬೀಗ ಮೊದಲು, ಶಕ್ತಿ ಆಮೇಲೆ

ಇಲ್ಲೊಂದು ಸಣ್ಣ ನಿಯಮ ಇದೆ. ಅಡ್ಡಿಯನ್ನ ಮೊದಲು ತೋರಿಸ್ಬೇಕು, ಶಕ್ತಿ ಆಮೇಲೆ ಕೊಡಬೇಕು. ತಲೆಯಲ್ಲಿ ಒಂದು ಪ್ರಶ್ನೆ ಕೂತಿದ್ರೆ ತಾನೇ ಉತ್ತರ ಸಿಕ್ಕಾಗ ಖುಷಿ ಆಗೋದು.

1986ರ ಮೆಟ್ರಾಯ್ಡ್ ಇದನ್ನ ಮೊದಲ ನಿಮಿಷದಲ್ಲೇ ಮಾಡುತ್ತೆ. ಆಗಿನ ಆಟಗಾರರಿಗೆ ಬಲಕ್ಕೆ ಓಡೋದೇ ಅಭ್ಯಾಸ, ಹೀರೋಯಿನ್ ಸೇಮಸ್‌ನ ಬಲಕ್ಕೇ ಓಡಿಸ್ತಾರೆ, ಸ್ವಲ್ಪ ದೂರದಲ್ಲಿ ಒಂದು ತಗ್ಗಾದ ಸುರಂಗ ಸಿಗುತ್ತೆ, ಆ ಗೇಮ್‌ನಲ್ಲಿ ಅವಳಿಗೆ ಬಗ್ಗೋಕೂ ಬರಲ್ಲ, ತೂರೋದು ಹೇಗೆ? ಉತ್ತರ ಇದ್ದಿದ್ದು ಶುರುವಾದ ಜಾಗದ ಎಡಗಡೆ, ನಾಲ್ಕು ಹೆಜ್ಜೆ ದೂರದಲ್ಲಿ. ಅಲ್ಲಿರೋ ಐಟಂ ತಗೊಂಡ್ರೆ ಸೇಮಸ್ ಗೋಲಿ ಥರ ಉಂಡೆ ಆಗ್ತಾಳೆ, ಇದನ್ನೇ ಈಗ ಮಾರ್ಫ್ ಬಾಲ್ ಅಂತಾರೆ. ಒಂದೇ ಏಟಿಗೆ ಗೇಮ್ ಎರಡು ಪಾಠ ಹೇಳ್ತು: ಎಡಕ್ಕೂ ಹೋಗಬಹುದು, ಮತ್ತೆ ಅಡ್ಡಿ ಬಂದ್ರೆ ಬೇರೆ ಕಡೆ ಹುಡುಕ್ಬೇಕು.

## ಒಂದು ಉದಾಹರಣೆ ಪೂರ್ತಿ ಬಿಡಿಸಿ ನೋಡೋಣ

1994ರ ಸೂಪರ್ ಮೆಟ್ರಾಯ್ಡ್ ತಗೊಳ್ಳೋಣ, ಯಾಕಂದ್ರೆ ಇದರಷ್ಟು ಸ್ವಚ್ಛವಾಗಿ ಗೇಟ್ ಜೋಡಿಸಿರೋ ಗೇಮ್ ಕಮ್ಮಿ (ನನ್ನ ಪ್ರಕಾರ ಇವತ್ತಿಗೂ). ಜಾಗ ಜೇಬೆಸ್ ಅನ್ನೋ ಗ್ರಹ, ನೆಲದ ಮೇಲೆ ಹಡಗು ಇಳಿಸಿ ಒಳಗೆ ಹೋಗ್ತೀರ.

ಶುರು ಸರಳ. ಕೆಳಗಿಳಿದ್ರೆ ಮಾರ್ಫ್ ಬಾಲ್, ಅದರಿಂದ ಒಂದು ಸಣ್ಣ ಬಿಲ ತೂರಿದ್ರೆ ಮೊದಲ ಮಿಸೈಲ್ ಪ್ಯಾಕ್, ಅದರಲ್ಲಿ 5 ಮಿಸೈಲ್. ಈಗ ಗಮನಿಸಿ, ಈ ಗೇಮ್‌ನಲ್ಲಿ ಕೆಂಪು ಬಾಗಿಲು ತೆಗೆಯೋಕೆ ಬೇಕಾಗೋದೂ 5 ಮಿಸೈಲೇ. ವಾಪಸ್ ಮೇಲೆ ಬಂದ್ರೆ ಒಂದು ಕೆಂಪು ಬಾಗಿಲು, ಅದರ ಹಿಂದೆ ಬಾಂಬ್, ಬಾಂಬ್ ಸಿಕ್ಕಿದ್ರೆ ಒಡೆಯೋ ಇಟ್ಟಿಗೆಗಳು, ಅದರಾಚೆ ಬ್ರಿನ್‌ಸ್ಟಾರ್ ಅನ್ನೋ ಹಸಿರು ಏರಿಯಾ. ಇಲ್ಲಿವರೆಗೂ ಇದೊಂದು ಸರಪಳಿ, ಒಂದು ಕೊಂಡಿ ಬಿಟ್ಟು ಇನ್ನೊಂದಕ್ಕೆ ಹೋಗೋಕಾಗಲ್ಲ.

ನಿಜವಾದ ಕೈಚಳಕ ಇರೋದು ಸ್ವಲ್ಪ ಮುಂದೆ, ಕೆಂಪು ಬ್ರಿನ್‌ಸ್ಟಾರ್‌ನಲ್ಲಿ. ಅಷ್ಟೊತ್ತಿಗೆ ನಿಮ್ಮ ಹತ್ರ ಸೂಪರ್ ಮಿಸೈಲ್ ಇರುತ್ತೆ, ಅದರಿಂದ ಹಸಿರು ಬಾಗಿಲು ತೆಗೆದು ಒಂದು ಉದ್ದನೆಯ ಬಾವಿಯಂಥ ರೂಮಿಗೆ ಬರ್ತೀರ, ಇದನ್ನ ರೆಡ್ ಟವರ್ ಅಂತಾರೆ. ಮೇಲಕ್ಕೆ ನೋಡಿದ್ರೆ ಕಾಲಿಡೋಕೆ ಜಾಗ ಇಲ್ಲ, ರಿಪ್ಪರ್ ಅನ್ನೋ ಹುಳಗಳು ಎಡಕ್ಕೂ ಬಲಕ್ಕೂ ತಮ್ಮ ಪಾಡಿಗೆ ಹಾರಾಡ್ತಾ ಇರ್ತವೆ, ಮಾಮೂಲಿ ಗುಂಡು ಹೊಡೆದ್ರೂ ಸಾಯಲ್ಲ. ಸರಿ, ಕೆಳಗೇ ಇಳಿಯೋಣ ಅಂತ ಇಳಿತೀರ.

ಕೆಳಗೆ ಬಲಕ್ಕೆ ಹೋಗ್ತಾ ಇದ್ರೆ ನೀರೊಳಗಿರೋ ಒಂದು ಗಾಜಿನ ಕೊಳವೆಯೊಳಗಿಂದ ನಡ್ಕೊಂಡು ಹೋಗ್ತೀರ, ಆಚೆ ಕಡೆ ಮೀನು ಗೀನು ಕಾಣುತ್ತೆ, ಬಾಗಿಲು ಮಾತ್ರ ಇಲ್ಲ. ಅದನ್ನ ದಾಟಿದ್ರೆ ಒಂದು ರೂಮು, ಅಲ್ಲಿ ಮುಂದಿನ ದಾರಿ ತುಂಬಾ ಎತ್ತರದಲ್ಲಿದೆ, ಹಾರಿದ್ರೆ ಸಿಗಲ್ಲ. ಅದೇ ರೂಮಲ್ಲಿ ಒಂದು ಲಿಫ್ಟ್, ಅದು ಕೆಳಗೆ ನಾರ್‌ಫೇರ್ ಅನ್ನೋ ಬೆಂಕಿ ಏರಿಯಾಗೆ ಹೋಗುತ್ತೆ. ಹೋಗಿ ಒಂದೊಂದೇ ಬಾಗಿಲು ತೆಗೆದು ನೋಡಿದ್ರೆ ಕೆಲವು ರೂಮಲ್ಲಿ ಕಾಲಿಟ್ಟ ತಕ್ಷಣ ಬಿಸಿಗೆ ಎನರ್ಜಿ ಸರ್ರನೆ ಇಳಿಯೋಕೆ ಶುರು, ಓಡಿ ಆಚೆ ಬರ್ತೀರ. ಬಿಸಿ ಇಲ್ಲದಿರೋ ಒಂದು ದಾರೀಲಿ ಹೋದ್ರೆ ಹೈ ಜಂಪ್ ಬೂಟ್ಸ್ ಸಿಗುತ್ತೆ.

ಈಗ ತಲೆಯಲ್ಲಿ ಬಲ್ಬ್ ಹತ್ತಬೇಕು: ಎತ್ತರದ ಕಟ್ಟೆ ಎಲ್ಲಿ ನೋಡಿದ್ದೆ? ಲಿಫ್ಟ್ ಇದ್ದ ರೂಮಲ್ಲೇ. ವಾಪಸ್ ಹತ್ತಿ ಆ ಕಡೆ ಹೋದ್ರೆ ಕ್ರೇಡ್ ಅನ್ನೋ ಎರಡು ಸ್ಕ್ರೀನ್ ಎತ್ತರದ ರಾಕ್ಷಸ, ಅವನನ್ನ ಮುಗಿಸಿದ್ರೆ ವೇರಿಯಾ ಸೂಟ್ ಸಿಗುತ್ತೆ. ಅದು ಬಿಸಿ ತಡೆಯುತ್ತೆ. ಬಿಸಿ ಎಲ್ಲಿತ್ತು? ಮತ್ತೆ ನಾರ್‌ಫೇರ್. ಅಲ್ಲಿ ಈಗ ಆರಾಮಾಗಿ ಓಡಾಡಿ ಸ್ಪೀಡ್ ಬೂಸ್ಟರ್ ತಗೋತೀರ, ಆ ವೇಗದಿಂದ ಮುಚ್ಕೊಳ್ಳೋ ಶಟರ್‌ಗಳ ಅಡಿ ನುಗ್ಗಿ ಐಸ್ ಬೀಮ್ ತಗೋತೀರ. ಐಸ್ ಬೀಮ್ ಹೊಡೆದ್ರೆ ಶತ್ರು ಇದ್ದಲ್ಲೇ ಗಾಳೀಲಿ ಹೆಪ್ಪುಗಟ್ಟುತ್ತೆ, ಮತ್ತೆ ಹೆಪ್ಪುಗಟ್ಟಿದ ಶತ್ರು ಮೇಲೆ ಹತ್ತಿ ನಿಲ್ಲಬಹುದು.

ಅಲ್ಲಿಗೆ ರೆಡ್ ಟವರ್‌ನ ರಿಪ್ಪರ್‌ಗಳು ನೆನಪಾಗ್ಬೇಕು. ಸಾಯದ ಹುಳ ಯಾಕಿಟ್ಟಿದ್ರು ಅಂತ ಈಗ ಗೊತ್ತಾಗುತ್ತೆ, ಅವು ಮೆಟ್ಟಿಲು. ಒಂದೊಂದನ್ನೇ ಹೆಪ್ಪುಗಟ್ಟಿಸಿ ಹತ್ತಿ ಮೇಲೆ ಹೋದ್ರೆ ಪವರ್ ಬಾಂಬ್. ಅದು ಹಳದಿ ಬಾಗಿಲು ತೆಗೆಯುತ್ತೆ, ಜೊತೆಗೆ ಇನ್ನೊಂದು ಕೆಲಸ ಮಾಡುತ್ತೆ, ಅದನ್ನ ಗೇಮ್ ಬಾಯಿಬಿಟ್ಟು ಹೇಳಲ್ಲ: ಆ ಗಾಜಿನ ಕೊಳವೆಯೊಳಗೆ ನಿಂತು ಒಂದು ಪವರ್ ಬಾಂಬ್ ಇಟ್ರೆ ಗಾಜು ಬಿರುಕು ಬಿಟ್ಟು ಒಡೆದುಹೋಗಿ ಮರಿಡಿಯಾ ಅನ್ನೋ ಇಡೀ ನೀರಿನ ಏರಿಯಾ ತೆರ್ಕೊಳ್ಳುತ್ತೆ. ಅಷ್ಟೊತ್ತಿಂದ ನೀವು ಓಡಾಡ್ತಿದ್ದ ದಾರಿಯೇ ಬಾಗಿಲು.

ಈ ಸುತ್ತಾಟದಲ್ಲಿ ಯಾರಾದ್ರೂ ನಿಮ್ಮ ಕೈ ಹಿಡಿದು ಎಳೆದ್ರಾ? ಇಲ್ಲ. ಆದ್ರೆ ಹೈ ಜಂಪ್, ವೇರಿಯಾ, ಸ್ಪೀಡ್ ಬೂಸ್ಟರ್, ಐಸ್ ಬೀಮ್, ಪವರ್ ಬಾಂಬ್ ಅನ್ನೋ ಕ್ರಮದಲ್ಲೇ ಹೆಚ್ಚಿನವರು ಬರ್ತಾರೆ. ಯಾಕಂದ್ರೆ ಒಂದು ಹೊತ್ತಿಗೆ ನಿಮ್ಮ ಮುಂದೆ ನಾಲ್ಕು ದಾರಿ ಕಂಡ್ರೂ ಅದರಲ್ಲಿ ಮೂರು ಮುಚ್ಚಿರುತ್ತೆ, ತೆರೆದಿರೋ ಒಂದನ್ನ ನೀವೇ ಹುಡುಕಿದ್ದು ಅನ್ನೋ ಫೀಲಿಂಗ್ ಮಾತ್ರ ನಿಮ್ಮದು.

## ಗಟ್ಟಿ ಗೇಟು, ಮೆತ್ತನೆ ಗೇಟು

ಎಲ್ಲಾ ಅಡ್ಡಿನೂ ಒಂದೇ ಥರ ಅಲ್ಲ. ಹಳದಿ ಬಾಗಿಲು ಗಟ್ಟಿ ಗೇಟು, ಪವರ್ ಬಾಂಬ್ ಇಲ್ಲ ಅಂದ್ರೆ ತಲೆಕೆಳಗಾಗಿ ನಿಂತ್ರೂ ತೆಗೆಯಲ್ಲ. ಬಿಸಿ ರೂಮು ಹಂಗಲ್ಲ, ಅದು ನಿಮ್ಮನ್ನ ತಡೆಯಲ್ಲ, ನಿಮ್ಮ ಎನರ್ಜಿ ತಿನ್ನುತ್ತೆ. ಎನರ್ಜಿ ಟ್ಯಾಂಕ್ ಜಾಸ್ತಿ ಇಟ್ಕೊಂಡು ದಾರಿ ಬಾಯಿಪಾಠ ಮಾಡ್ಕೊಂಡು ಜೀವ ಬಿಟ್ಟು ಓಡಿದ್ರೆ ವೇರಿಯಾ ಸೂಟ್ ಇಲ್ಲದೇನೂ ಕೆಲವು ರೂಮು ದಾಟಬಹುದು, ಪಳಗಿದವರು ಇದಕ್ಕೆ ಹೆಲ್ ರನ್ ಅಂತಾರೆ. ಮರಿಡಿಯಾ ಕೂಡ ಹಂಗೇ. ಗಾಜು ಒಡೆದ ತಕ್ಷಣ ಒಳಗೆ ಹೋಗಬಹುದು, ಆದ್ರೆ ನೀರಲ್ಲಿ ಸೇಮಸ್ ಕಲ್ಲು ಕಟ್ಟಿಕೊಂಡವಳ ಥರ ನಿಧಾನ ಆಗ್ತಾಳೆ, ಹಾರಿದ್ರೆ ಮೇಲೇಳಲ್ಲ, ಹೆಚ್ಚಿನವರು ಬೇಜಾರಾಗಿ ವಾಪಸ್ ಬಂದು, ನೀರಲ್ಲೂ ಸಲೀಸಾಗಿ ಓಡಾಡೋಕೆ ಬಿಡೋ ಗ್ರಾವಿಟಿ ಸೂಟ್ ಸಿಕ್ಕಿದ್ಮೇಲೆ ಹೋಗ್ತಾರೆ. ಡಿಸೈನರ್‌ಗೆ ಬೇಕಿದ್ದೂ ಅಷ್ಟೇ, ಹೊಸಬರು ಹಿಂದೆ ಸರಿಬೇಕು, ಹಠ ಇದ್ದವರಿಗೆ ಒಂದು ಸಂದು ಇರ್ಬೇಕು.

ಇನ್ನೊಂದು ವಿಚಿತ್ರ ಜಾತಿ ಇದೆ, ಅದಕ್ಕೆ ಐಟಂ ಬೇಡ, ಗೊತ್ತಿದ್ರೆ ಸಾಕು. ರೆಡ್ ಟವರ್‌ಗೆ ಬರೋ ಮುಂಚೆ ಕಾಲಿಟ್ರೆ ಕುಸಿಯೋ ಒಂದು ಸೇತುವೆ ಇದೆ. ರನ್ ಬಟನ್ ಒತ್ತಿ ಓಡಿದ್ರೆ ಕುಸಿಯೋ ಮುಂಚೆ ದಾಟ್ತೀರ. ಆ ಗೇಮ್‌ನಲ್ಲಿ ರನ್ ಬಟನ್ ಇದೆ ಅನ್ನೋದೇ ಗೊತ್ತಿಲ್ಲದೆ ಎಷ್ಟೋ ಜನ ಅಲ್ಲಿ ಬಿದ್ದು ಬಿದ್ದು ಯಾವುದೋ ಐಟಂ ಮಿಸ್ ಆಗಿದೆ ಅಂತ ಇಡೀ ಮ್ಯಾಪ್ ಜಾಲಾಡಿದ್ದಾರೆ, ಅದಕ್ಕೇ ಆ ರೂಮಿಗೆ ನೂಬ್ ಬ್ರಿಡ್ಜ್ ಅನ್ನೋ ಅಡ್ಡಹೆಸರೇ ಬಿದ್ದಿದೆ. ಗೇಟಿಂಗ್‌ನ ಒಂದು ಅಪಾಯ ಇದೇ ನೋಡಿ. ಐಟಂ ಬೇಕಾದ ಅಡ್ಡಿ ಯಾವುದು, ಕೈಚಳಕ ಬೇಕಾದ ಅಡ್ಡಿ ಯಾವುದು ಅಂತ ನೋಡಿದ ಕೂಡಲೇ ಗೊತ್ತಾಗದೇ ಇದ್ರೆ ಆಟಗಾರ ತಪ್ಪು ಕಡೆ ಹುಡುಕ್ತಾನೇ ಇರ್ತಾನೆ.

## ಕೆಟ್ಟರೆ ಹೇಗೆ ಕೆಡುತ್ತೆ

ಅತಿ ದೊಡ್ಡ ತಲೆನೋವು ನೆನಪು. ಎರಡು ವಾರ ಬಿಟ್ಟು ಬಂದು ಆಡಿದ್ರೆ ಆ ಬಾಗಿಲು ಯಾವ ಮೂಲೇಲಿತ್ತು ಅಂತ ದೇವರಿಗೇ ಗೊತ್ತು, ಸೂಪರ್ ಮೆಟ್ರಾಯ್ಡ್‌ನ ಮ್ಯಾಪ್ ಕೂಡ ಬಾಗಿಲಿನ ಬಣ್ಣ ತೋರಿಸಲ್ಲ. ಇದಕ್ಕೆ ಒಬ್ಬೊಬ್ಬರು ಒಂದೊಂದು ಮದ್ದು ಮಾಡಿದ್ದಾರೆ. ಆಸ್ಟ್ರೇಲಿಯಾದ ಟೀಮ್ ಚೆರ್ರಿಯವರು 2017ರ ಹಾಲೋ ನೈಟ್‌ನಲ್ಲಿ ಮ್ಯಾಪ್ ಅಂಗಡಿ ನಡೆಸೋ ಇಸೆಲ್ಡಾ ಹತ್ರ ಪಿನ್ನು, ಮಾರ್ಕರ್ ಮಾರೋಕಿಟ್ರು, ಅಡ್ಡಿ ಕಂಡಲ್ಲಿ ನೀವೇ ಗುರುತು ಹಾಕ್ಕೋಬೇಕು. 2021ರ ಮೆಟ್ರಾಯ್ಡ್ ಡ್ರೆಡ್ ಮ್ಯಾಪ್ ಮೇಲೇ ಯಾವ ಥರದ ಬಾಗಿಲು ಎಲ್ಲಿದೆ ಅಂತ ತೋರಿಸುತ್ತೆ. ಎರಡನೇದು ಸುಲಭ, ಮೊದಲನೇದರಲ್ಲಿ ನೆನಪಿಟ್ಕೊಂಡಿದ್ದಕ್ಕೆ ಬೆಲೆ ಇದೆ, ನನಗಂತೂ ಮೊದಲನೇದೇ ಇಷ್ಟ.

ಇನ್ನೊಂದು ತೊಂದರೆ ಸಾಫ್ಟ್‌ಲಾಕ್. ಅಂದ್ರೆ ಗೇಮ್ ಹ್ಯಾಂಗ್ ಆಗಿಲ್ಲ, ನೀವು ಸತ್ತಿಲ್ಲ, ಆದ್ರೆ ಎಲ್ಲಿಗೂ ಹೋಗೋಕಾಗಲ್ಲ. ಹತ್ತೋಕಾಗದ ಗುಂಡಿಗೆ ಹಾರಿದ್ರಿ, ಅಲ್ಲಿಂದ ಹೊರಬರೋಕೆ ಬೇಕಾದ ಶಕ್ತಿ ಗುಂಡಿಯ ಹೊರಗೇ ಇದೆ ಅಂದ್ರೆ ಕಥೆ ಮುಗೀತು. ಹಂಗಾಗಿ ಒಮ್ಮುಖದ ಇಳಿಜಾರು ಇಡೋ ಡಿಸೈನರ್ ಅದರ ಒಳಗೇ ಒಂದು ಶಕ್ತಿಯನ್ನೋ ಅಥವಾ ಸುತ್ತಿ ಬರೋ ದಾರಿಯನ್ನೋ ಇಡಲೇಬೇಕು. ಮೊದಲಿಗೇ ಶಕ್ತಿ ಇಟ್ಟು, ಹೊರಗೆ ಬರೋಕೆ ಅದನ್ನೇ ಬಳಸೋ ಹಂಗೆ ಮಾಡಿದ್ರೆ ಡಬಲ್ ಲಾಭ, ಹೊಸ ಶಕ್ತಿಯ ಪಾಠ ಕೂಡ ಆಯ್ತು.

ಈ ಲೆಕ್ಕ ಎಷ್ಟು ನಾಜೂಕು ಅಂತ ನೋಡ್ಬೇಕು ಅಂದ್ರೆ ರಾಂಡಮೈಜರ್ ನೋಡಿ. ಫ್ಯಾನ್‌ಗಳು ಮಾಡಿರೋ ಪ್ರೋಗ್ರಾಂ ಅದು, ಸೂಪರ್ ಮೆಟ್ರಾಯ್ಡ್‌ನ 100 ಐಟಂಗಳನ್ನ ಕಲಸಿ ಬೇರೆ ಬೇರೆ ಜಾಗಕ್ಕೆ ಹಾಕುತ್ತೆ. ಮನಸ್ಸಿಗೆ ಬಂದಂಗೆ ಎರಚಿದ್ರೆ ಐಸ್ ಬೀಮ್ ಬೇಕಾದ ದಾರಿಯ ಆಚೆಯೇ ಐಸ್ ಬೀಮ್ ಹೋಗಿ ಕೂರಬಹುದು, ಆಗ ಗೇಮ್ ಮುಗಿಸೋದೇ ಅಸಾಧ್ಯ. ಅದಕ್ಕೆ ಪ್ರೋಗ್ರಾಂ ಹೀಗೆ ಲೆಕ್ಕ ಹಾಕುತ್ತೆ: ಕೈಯಲ್ಲಿ ಏನೂ ಇಲ್ಲದಿದ್ದಾಗ ಎಷ್ಟು ಜಾಗ ಮುಟ್ಟಬಹುದು, ಅದರಲ್ಲಿ ಒಂದು ಕಡೆ ಹೊಸ ದಾರಿ ತೆರೆಯೋ ಐಟಂ ಇಡು, ಅದು ಸಿಕ್ಕಿದ್ಮೇಲೆ ಎಷ್ಟು ಜಾಗ ಹೊಸದಾಗಿ ಸೇರ್ತು, ಅದರಲ್ಲಿ ಮುಂದಿನದನ್ನ ಇಡು, ಹಿಂಗೇ ಕೊನೆವರೆಗೂ. ಮೂಲ ಗೇಮ್ ಮಾಡಿದವರು ಕೈಯಲ್ಲಿ ಮಾಡಿದ್ದೂ ಇದೇ ಲೆಕ್ಕ, ಜೊತೆಗೆ ಆಟಗಾರನಿಗೆ ಯಾವಾಗ ಏನು ನೆನಪಾಗ್ಬೇಕು ಅನ್ನೋದನ್ನೂ ಸೇರಿಸಿ.

## ಕ್ರಮ ಮುರಿಯೋರು

ಇಷ್ಟೆಲ್ಲಾ ಜೋಡಿಸಿದ್ಮೇಲೂ ಅದನ್ನ ಮುರಿಯೋರು ಇದ್ದೇ ಇರ್ತಾರೆ, ಇದಕ್ಕೆ ಸೀಕ್ವೆನ್ಸ್ ಬ್ರೇಕ್ ಅಂತ ಹೆಸರು. ಸೂಪರ್ ಮೆಟ್ರಾಯ್ಡ್‌ನಲ್ಲಿ ಗೋಡೆಗೆ ಒದ್ದು ಮೇಲೆ ಹಾರೋ ವಾಲ್ ಜಂಪ್ ಶುರುವಿಂದಲೇ ಸೇಮಸ್‌ಗೆ ಬರುತ್ತೆ, ಐಟಂ ಬೇಡ, ಆದ್ರೆ ಗೇಮ್ ಮೊದಲಿಗೇ ಹೇಳಿಕೊಡಲ್ಲ. ಒಂದು ಆಳದ ಬಾವೀಲಿ ಎಟೆಕೂನ್ ಅನ್ನೋ ಮೂರು ಪ್ರಾಣಿಗಳು ಗೋಡೆಯಿಂದ ಗೋಡೆಗೆ ಹಾರಿ ತೋರಿಸ್ತವೆ, ಅದನ್ನ ನೋಡಿ ಕಲೀಬೇಕು. ಟೈಮಿಂಗ್ ಕಷ್ಟ, ಆದ್ರೆ ಕೈಗೆ ಬಂತು ಅಂದ್ರೆ ಹೈ ಜಂಪ್ ಬೂಟ್ಸ್ ಇಲ್ಲದೇ ಆ ಎತ್ತರದ ಕಟ್ಟೆ ಹತ್ತಿ ಕ್ರೇಡ್ ಕಡೆ ಹೋಗಬಹುದು, ಐಸ್ ಬೀಮ್ ಇಲ್ಲದೇ ರೆಡ್ ಟವರ್ ಏರಿ ಪವರ್ ಬಾಂಬ್ ಎತ್ಕೊಂಡು ಬರಬಹುದು. ಮೇಲೆ ಬಿಡಿಸಿ ಹೇಳಿದ ಇಡೀ ಸರಪಳಿ ಅಲ್ಲಿಗೆ ಚಿಂದಿ.

ಕೆಲವು ಗೇಮ್‌ಗಳಲ್ಲಿ ಇದು ಬಗ್, ಪ್ಯಾಚ್ ಹಾಕಿ ಮುಚ್ತಾರೆ. ಮೆಟ್ರಾಯ್ಡ್ ಮಾಡೋರು ಮಾತ್ರ ಎಷ್ಟೋ ಸಲ ಇದನ್ನ ಗೊತ್ತಿದ್ದೂ ಸಾಕ್ತಾರೆ. ಮೆಟ್ರಾಯ್ಡ್ ಡ್ರೆಡ್‌ನಲ್ಲಿ ಮಾಮೂಲಿ ದಾರೀಲಿ ಹೋದ್ರೆ ಕ್ರೇಡ್‌ನ ಹೊಡೆಯೋ ಹೊತ್ತಿಗೆ ನಿಮ್ಮ ಹತ್ರ ಬಾಂಬ್ ಇರಲ್ಲ. ಆದ್ರೆ ಕ್ರಮ ಮುರಿದು, ಹಗ್ಗದಂಗೆ ಹಿಡಿದು ಎಳೆಯೋ ಗ್ರ್ಯಾಪಲ್ ಬೀಮನ್ನ ಮುಂಚೆ ತಗೊಂಡು ಅದರಿಂದ ಬಾಂಬನ್ನೂ ಮುಂಚೆ ಸಂಪಾದಿಸಿ ಹೋದವರಿಗೆ, ಆ ರೂಮಲ್ಲಿರೋ ಉಡಾವಣೆ ಕೊಳವೆಯಿಂದ ಉಂಡೆಯಾಗಿ ಚಿಮ್ಮಿ ಅವನ ಹೊಟ್ಟೆಯೊಳಗೆ ಹೊಕ್ಕು ಬಾಂಬ್ ಹಾಕೋ ದಾರಿ ಇದೆ, ಕ್ರೇಡ್ ಅಲ್ಲೇ ಖಲಾಸ್, ಅದಕ್ಕಂತಲೇ ಬೇರೆ ಅನಿಮೇಷನ್ ಕೂಡ ಮಾಡಿಟ್ಟಿದ್ದಾರೆ.